ನಾಯಿ ಕಚ್ಚಿದ ಮಗುವಿಗೆ ಇಮ್ಯುನೋಗ್ಲೋಬುಲಿನ್: ತೂಕದ ಲೆಕ್ಕ, ಗಾಯದೊಳಗಿನ ಸೂಜಿ (ನನ್ನ ಅನುಭವ)

ಅಂಕೋಲಾ ಕಡೆ ಒಂದು ಸರಕಾರಿ ಆಸ್ಪತ್ರೆಲಿ ಕೆಲಸ ಮಾಡ್ತೇನೆ. ನಮ್ಮಲ್ಲಿ ನಾಯಿ ಕಚ್ಚಿದ ಕೇಸು ಬರದ ವಾರ ಇಲ್ಲ, ಮೀನು ಒಣಗಿಸೋ ಜಾಗ, ದಕ್ಕೆ, ಸಂತೆ ಎಲ್ಲ ಕಡೆ ನಾಯಿ ಇದೆ. ದೊಡ್ಡವರಿಗೆ ಹೆಚ್ಚಾಗಿ ಕಾಲಿಗೆ ಕಚ್ಚುತ್ತೆ. ಮಕ್ಕಳ ಎತ್ತರಕ್ಕೆ ನಾಯಿ ಬಾಯಿ ನೇರ ಮುಖಕ್ಕೇ ಸಿಗುತ್ತೆ, ಹಾಗಾಗಿ ಮಕ್ಕಳ ಕೇಸು ಬೇರೆ ತರಾನೇ. ಮೈ ಸಣ್ಣದು, ಅದಕ್ಕೆ ಔಷಧಿ ಕಮ್ಮಿ, ಗಾಯ ಮಾತ್ರ ಜಾಸ್ತಿ. ಈ ಕಷ್ಟನ ಹೇಗೆ ಬಿಡಿಸ್ತೇವೆ ಅನ್ನೋದನ್ನ ಒಂದು ಕೇಸು ಇಟ್ಕೊಂಡು ಬರೀತಾ ಇದ್ದೇನೆ, ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟ್ರು, ಸಿಸ್ಟರ್‌ಗಳಿಗೆ ಉಪಯೋಗ ಆದೀತು ಅಂತ.

ಹುಡುಗನಿಗೆ ನಾಲ್ಕು ವರ್ಷ. ಎಡಕೆನ್ನೆ ಹರಿದಿತ್ತು, ಮೇಲ್ತುಟಿ ಮೇಲೆ ಒಂದು ಹಲ್ಲಿನ ತೂತು, ಬಲಗೈ ಮುಂಗೈಲಿ ಮೂರು ಆಳದ ತೂತು, ಬಲಗೈ ತೋರುಬೆರಳಲ್ಲಿ ಒಂದು ಸಣ್ಣ ಗಾಯ. ಅಜ್ಜಿ ಮನೇಲೇ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ದಪ್ಪಕ್ಕೆ ಮೆತ್ತಿದ್ರು. ಬೈಯೋಕೆ ಹೋಗ್ಲಿಲ್ಲ, ಸೀದಾ ಸಿಂಕಿಗೆ ಕರ್ಕೊಂಡು ಹೋಗಿ ಬಟ್ಟೆ ಸೋಪು ಹಚ್ಚಿ ನಲ್ಲಿ ನೀರು ಬಿಟ್ಟು ಪೂರ್ತಿ 15 ನಿಮಿಷ ತೊಳೆದ್ವಿ, ಅರಿಶಿನ ಎಲ್ಲ ಹೋಗೋ ತನಕ. ಆಮೇಲೆ ಪೊವಿಡೋನ್ ಅಯೋಡಿನ್. ತೊಳೆಯುವಾಗ್ಲೇ ಅಂಗಿ ಚಡ್ಡಿ ತೆಗೆಸಿ ಬೆನ್ನು, ತಲೆ ಕೂದಲೊಳಗೆ, ಕಿವಿ ಹಿಂದೆ ಎಲ್ಲ ನೋಡ್ಬೇಕು. ಕೂದಲೊಳಗಿನ ಹಲ್ಲಿನ ಗುರುತು ಮನೆಯವ್ರಿಗೂ ಗೊತ್ತಿರಲ್ಲ, ಅದೊಂದು ಬಿಟ್ಟುಹೋದ್ರೆ ಉಳಿದ ಗಾಯಕ್ಕೆಲ್ಲ ಔಷಧಿ ಹಾಕಿದ್ರೂ ಆ ಗಾಯ ಹಾಗೇ ಉಳೀತದೆ.

ಚರ್ಮ ಹರಿದು ರಕ್ತ ಬಂದ ಕಚ್ಚುವಿಕೆ ಅಂದ್ರೆ ಮೂರನೇ ಕೆಟಗರಿ, ರೇಬೀಸ್ ಲಸಿಕೆ ಜೊತೆ ಇಮ್ಯುನೋಗ್ಲೋಬುಲಿನ್ ಬೇಕೇ ಬೇಕು. ಯಾಕೆ ಬೇಕು ಅಂತ ತಾಯಿಗೂ ಹೇಳ್ದೆ. ಲಸಿಕೆ ಹಾಕಿದ ಕೂಡಲೇ ಮೈಲಿ ಪ್ರತಿಕಾಯ ಬರಲ್ಲ, ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಗಾಯದಲ್ಲಿರೋ ವೈರಸ್ ನರದ ಒಳಗೆ ಹೋದ್ರೆ ಮುಗೀತು. ಮುಖದಿಂದ ಮಿದುಳು ಹತ್ರ. ಇಮ್ಯುನೋಗ್ಲೋಬುಲಿನ್ ಅಂದ್ರೆ ರೆಡಿ ಇರೋ ಪ್ರತಿಕಾಯ, ಅದನ್ನ ವೈರಸ್ ಕೂತಿರೋ ಜಾಗಕ್ಕೇ ಹಾಕ್ಬೇಕು. ಇದು ಅರ್ಥ ಆದ್ರೆ ಮುಂದಿನದೆಲ್ಲ ತಾನಾಗೇ ಅರ್ಥ ಆಗುತ್ತೆ.

ಈಗ ತೂಕ. "ಎಷ್ಟು ಕೆಜಿ ಇದ್ದಾನೆ ಅಮ್ಮಾ?" ಅಂದ್ರೆ "ಹದಿನೆಂಟು ಇರ್ಬೋದು ಡಾಕ್ಟ್ರೇ" ಅಂದ್ರು. ಅಂಗನವಾಡಿಲಿ ಯಾವಾಗ್ಲೋ ತೂಗಿದ್ದು ಅವ್ರಿಗೂ ನೆನಪಿಲ್ಲ. ಹುಡುಗ ತಕ್ಕಡಿ ಮೇಲೆ ನಿಲ್ಲೋಕೆ ಒಪ್ಲಿಲ್ಲ, ತಾಯಿನ ಮಗು ಎತ್ಕೊಂಡು ನಿಲ್ಲಿಸಿ ಒಂದ್ಸಲ, ತಾಯಿ ಒಬ್ರೇ ಒಂದ್ಸಲ, ಕಳೆದ್ರೆ 14 ಕೆಜಿ ಬಂತು. ಅಂದಾಜಲ್ಲಿ ಹೋಗಿದ್ರೆ ಕಾಲು ಪಾಲಿಗಿಂತ ಹೆಚ್ಚಾಗಿಬಿಡ್ತಿತ್ತು.

ಕುದುರೆ ಸೀರಮ್ಮಿನಿಂದ ಮಾಡಿದ್ದಕ್ಕೆ ಕೆಜಿಗೆ 40 ಐಯು, ಮನುಷ್ಯರ ರಕ್ತದಿಂದ ಮಾಡಿದ್ದಕ್ಕೆ ಕೆಜಿಗೆ 20 ಐಯು. ನಮ್ಮಲ್ಲಿದ್ದದ್ದು ಕುದುರೆದು, ಬಾಟ್ಲಿ ಮೇಲೆ ಒಂದು ಎಂಎಲ್‌ಗೆ 300 ಐಯು ಅಂತ ಇತ್ತು.

14 × 40 = 560 ಐಯು
560 ÷ 300 = 1.86 ಎಂಎಲ್

ನಾನು 1.8 ಅಂತ ತಗೊಂಡೆ, ಮೇಲಕ್ಕೆ ಹೋಗೋದು ಬೇಡ. ಈ ಲೆಕ್ಕದಲ್ಲಿ ಎಡವೋದು ಗುಣಾಕಾರದಲ್ಲಲ್ಲ, ಲೇಬಲ್ಲಿನಲ್ಲಿ. ಮನುಷ್ಯರ ರಕ್ತದ್ದು ಒಂದು ಎಂಎಲ್‌ಗೆ 150 ಐಯು ಇರೋ ಬಾಟ್ಲಿ ಬಂದ್ರೆ ಇದೇ ಮಗುವಿಗೆ 280 ಐಯು, ಅದೂ 1.86 ಎಂಎಲ್ಲೇ ಆಗುತ್ತೆ. ಅದಕ್ಕೇ ಕೆಲವರು "ಎಂಎಲ್ ಎರಡೂ ಒಂದೇ ಬಿಡಿ" ಅಂತ ಬಾಯಿಪಾಠ ಮಾಡ್ಕೊಂಡಿರ್ತಾರೆ. ಆದ್ರೆ ಮನುಷ್ಯರದ್ದರಲ್ಲೇ ಒಂದು ಎಂಎಲ್‌ಗೆ 300 ಐಯು ಇರೋ ಬಾಟ್ಲಿಯೂ ಇದೆ, ಅದು ಕೈಗೆ ಬಂದು ಹಳೇ ಬಾಯಿಪಾಠದಲ್ಲೇ ಎಳೆದ್ರೆ ಡಬಲ್ ಡೋಸ್. ಈಗ ಮೊನೋಕ್ಲೋನಲ್ ಅಂತ ಬೇರೆ ಔಷಧಿನೂ ಬಂದಿದೆ, ಅದರ ಲೆಕ್ಕ ಒಂದೊಂದು ಬ್ರಾಂಡಿಗೂ ಬೇರೆ. ಹಾಗಾಗಿ ಬಾಟ್ಲಿ ಕೈಲಿ ಹಿಡಿದು ನಾನು ಜೋರಾಗಿ ಓದ್ತೇನೆ, ಸಿಸ್ಟರ್ ಬೇರೆ ಲೆಕ್ಕ ಹಾಕ್ತಾರೆ, ಇಬ್ರದ್ದೂ ಒಂದೇ ಬಂದ ಮೇಲೇ ಸಿರಿಂಜ್.

ತೂಕದಿಂದ ಬಂದ ಸಂಖ್ಯೆ ಅಂದ್ರೆ ಅದು ಮೇಲಿನ ಮಿತಿ. ಅಷ್ಟನ್ನೂ ಹೇಗಾದ್ರೂ ಮೈಗೆ ಸೇರಿಸ್ಲೇಬೇಕು ಅಂತ ಅಲ್ಲ. ಮಿತಿ ದಾಟಿದ್ರೆ ಹೊರಗಿನ ಪ್ರತಿಕಾಯ ಹೆಚ್ಚಾಗಿ ಲಸಿಕೆಯ ಕೆಲಸನೇ ಕುಗ್ಗುತ್ತೆ, ಮಗುವಿನ ಮೈ ತಾನೇ ಪ್ರತಿಕಾಯ ಮಾಡ್ಕೊಳ್ಳೋದು ಕಡಿಮೆ ಆಗುತ್ತೆ. ಇನ್ನೊಂದು ಕಡೆ, ಮೊದಲೆಲ್ಲ ಗಾಯಕ್ಕೆ ಹಾಕಿ ಉಳಿದಿದ್ದನ್ನ ಕುಂಡೆಗೋ ತೊಡೆಗೋ ಚುಚ್ಚಿ ಮುಗಿಸ್ತಿದ್ರು. 2018ರಲ್ಲಿ ಡಬ್ಲ್ಯುಎಚ್‌ಒ ಅದು ಬೇಡ ಅಂತು, ದೂರದ ಸ್ನಾಯುಗೆ ಹಾಕಿದ್ದರಿಂದ ಗಾಯಕ್ಕೆ ಹೇಳ್ಕೊಳ್ಳೋ ಲಾಭ ಇಲ್ಲ. ಗಾಯಕ್ಕೆ ಹಾಕದೇ ಪೂರ್ತಿ ಕುಂಡೆಗೇ ಹಾಕಿ ಕಳಿಸಿದ ಮಕ್ಕಳನ್ನೂ ನೋಡಿದ್ದೇನೆ, ಚೀಟಿಲಿ "ಕೊಡಲಾಗಿದೆ" ಅಂತ ಇರುತ್ತೆ, ಗಾಯಕ್ಕೆ ಒಂದು ಹನಿನೂ ಸೇರಿರಲ್ಲ. ಹೊಟ್ಟೆ ಉರಿಯುತ್ತೆ.

ನಮ್ಮ ಹುಡುಗನಿಗೆ ಉಳಿಯೋ ಪ್ರಶ್ನೆಯೇ ಇರ್ಲಿಲ್ಲ, ಸಾಕಾಗ್ತಿರಲಿಲ್ಲ. ಆರು ಗಾಯಕ್ಕೆ 1.8 ಎಂಎಲ್ ಎಲ್ಲಿಗೆ ಸಾಕು? ಇಂಥ ಕಡೆ ಡೋಸ್ ಜಾಸ್ತಿ ಮಾಡೋದಲ್ಲ, ನಾರ್ಮಲ್ ಸಲೈನ್ ಸೇರಿಸಿ ಹಿಗ್ಗಿಸೋದು. ಎರಡು ಮೂರು ಪಟ್ಟು ತನಕ ಹಿಗ್ಗಿಸಬಹುದು. ನಾನು 1.8 ಔಷಧಿಗೆ 1.8 ಸಲೈನ್ ಸೇರಿಸಿ 3.6 ಎಂಎಲ್ ಮಾಡಿದೆ. ಮೊದಲೇ ಎಲ್ಲವನ್ನೂ ಸೇರಿಸಿ ಮಿಕ್ಸ್ ಮಾಡ್ಕೋಬೇಕು, ಇಲ್ಲಾಂದ್ರೆ ಮೊದಲ ಗಾಯಕ್ಕೆ ಗಟ್ಟಿ ಔಷಧಿ ಹೋಗಿ ಕೊನೇ ಗಾಯಕ್ಕೆ ಬರೀ ಸಲೈನ್ ಉಳಿಯುತ್ತೆ. ಆಮೇಲೆ ಯಾವ ಗಾಯಕ್ಕೆ ಎಷ್ಟು ಅಂತ ಕಾಗದದ ಮೇಲೆ ಬರ್ಕೊಂಡೆ: ಕೆನ್ನೆಗೆ 1.2, ತುಟಿಗೆ 0.4, ಮುಂಗೈನ ಮೂರು ತೂತಿಗೆ ಸೇರಿ 1.7, ಬೆರಳಿಗೆ 0.3. ಹೀಗೆ ಹಂಚಿಕೊಳ್ಳದೇ ಶುರು ಮಾಡಿದ್ರೆ ಮಗು ಕಿರುಚೋ ಗದ್ದಲದಲ್ಲಿ ಕೈಗೇ ಅರ್ಧ ಖಾಲಿ ಆಗಿ ಮುಖಕ್ಕೆ ಉಳಿಯಲ್ಲ.

ಸೂಜಿ ಮುಟ್ಟೋಕೆ ಮೊದಲು ಅಡ್ರಿನಲಿನ್ ಎಳೆದು ಟ್ರೇಲಿ ಇಡ್ತೇನೆ. ಕುದುರೆ ಸೀರಮ್ಮಿಗೆ ಚರ್ಮದ ಟೆಸ್ಟ್ ಮಾಡೋದನ್ನ ಡಬ್ಲ್ಯುಎಚ್‌ಒ ಈಗ ಹೇಳಲ್ಲ, ಯಾಕಂದ್ರೆ ಟೆಸ್ಟ್ ಸರಿ ಬಂದವರಿಗೂ ರಿಯಾಕ್ಷನ್ ಆಗ್ಬಹುದು, ಟೆಸ್ಟಲ್ಲಿ ಕೆಂಪಾದವರಿಗೆ ಏನೂ ಆಗದೇನೂ ಇರ್ಬಹುದು. ಟೆಸ್ಟಿಗಿಂತ ತಯಾರಿ ಮುಖ್ಯ. ಒಂದು ಎಂಎಲ್‌ಗೆ 1 ಎಂಜಿ ಇರೋ ಅಡ್ರಿನಲಿನ್, ಕೆಜಿಗೆ 0.01 ಎಂಎಲ್, 14 ಕೆಜಿಗೆ 0.14 ಎಂಎಲ್, ತೊಡೆಯ ಹೊರಮಗ್ಗುಲ ಸ್ನಾಯುಗೆ. ಇಮ್ಯುನೋಗ್ಲೋಬುಲಿನ್ನನ್ನ ಫ್ರಿಜ್ಜಿಂದ ಮೊದಲೇ ತೆಗೆದು ರೂಮಿನ ಬಿಸಿಗೆ ಬರೋಕೆ ಬಿಟ್ಟಿರ್ಬೇಕು, ಬಿಸಿನೀರಲ್ಲಿ ಅದ್ದೋದು ಬೇಡ.

ಅಜ್ಜಿ ನನ್ನ ಕೈ ಹಿಡ್ಕೊಂಡ್ರು, "ಡಾಕ್ಟ್ರೇ, ಕೈಗೆ ಎಷ್ಟ್ ಬೇಕಾದ್ರೂ ಚುಚ್ಚಿ, ಮೊಕಕ್ಕೆ ಬ್ಯಾಡ". ಹೇಳ್ದೆ, "ಅಜ್ಜಿ, ಮೊಕಕ್ಕೇ ಮೊದಲು ಬೇಕು, ವಿಷ ಅಲ್ಲೇ ಕೂತದೆ". ಹುಡುಗನಿಗೆ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟಿದ್ವಿ, ಬೆಡ್‌ಶೀಟಲ್ಲಿ ಕೈಕಾಲು ಸೇರಿಸಿ ಸುತ್ತಿ, ಸಿಸ್ಟರ್ ತಲೆ ಹಿಡ್ಕೊಂಡ್ರು, ತಾಯಿ ಕಿವಿ ಹತ್ರ ಬಗ್ಗಿ "ತಮಾ, ಆಯ್ತು ಆಯ್ತು" ಅಂತ ಹೇಳ್ತಾನೇ ಇದ್ರು. ಗಾಯ ಇನ್ನೂ ದೊಡ್ಡದಿದ್ರೆ ಅನೆಸ್ತೇಶಿಯಾದವರನ್ನ ಕರೆಸಿ ಸೆಡೇಶನ್ನಲ್ಲಿ ಮಾಡೋದೇ ಒಳ್ಳೇದು, ನಮ್ಮಲ್ಲಿ ಆಗಲ್ಲ ಅಂದ್ರೆ ತೊಳೆದು ಲಸಿಕೆ ಹಾಕಿ ಕಾರವಾರಕ್ಕೆ ಕಳಿಸ್ತೇವೆ.

26 ಗೇಜ್ ಸಣ್ಣ ಸೂಜಿ. ಗಾಯದ ಅಂಚಿನಿಂದ ಸೂಜಿ ಒಳಗೆ ಬಿಟ್ಟು, ಸ್ವಲ್ಪ ಹಿಂದಕ್ಕೆ ಎಳೆದು ರಕ್ತ ಬರಲ್ಲ ಅಂತ ನೋಡ್ಕೊಂಡು, ಸೂಜಿ ಹೊರಗೆ ತರ್ತಾ ತರ್ತಾ ನಿಧಾನ ಒತ್ತೋದು. ಪೂರ್ತಿ ಹೊರಗೆ ತೆಗೆಯದೇ ಅದೇ ತೂತಿಂದ ದಿಕ್ಕು ಬದಲಿಸಿ ಇನ್ನೊಂದು ಕಡೆಗೆ, ಹೀಗೆ ಮಾಡಿದ್ರೆ ಚುಚ್ಚೋ ಸಂಖ್ಯೆ ಕಮ್ಮಿ ಆಗುತ್ತೆ. ಕೆನ್ನೆಯ ಹರಿದ ಅಂಚು ಸುತ್ತ ಉಬ್ಬಿ ಬಿಳಿಚಿಕೊಂಡು ಬರುತ್ತೆ, ಅಲ್ಲಿಗೆ ಔಷಧಿ ತಲುಪಿದೆ ಅಂತ ಲೆಕ್ಕ. ಉಬ್ಬದೇ ಗಾಯದಿಂದ ಹನಿ ಹನಿಯಾಗಿ ಆಚೆ ಬರ್ತಿದ್ರೆ ಸೂಜಿ ಗಾಯದ ಬಾಯಲ್ಲೇ ಇದೆ, ಅಂಗಾಂಶದೊಳಗೆ ಇಲ್ಲ. ಮುಂಗೈನ ತೂತಿಗೆ ಮೇಲ್ಮೇಲೆ ಹಾಕಿದ್ರೆ ಸಾಲ್ದು, ನಾಯಿ ಹಲ್ಲು ಹೊರಗೆ ಕಾಣೋದಕ್ಕಿಂತ ಆಳ ಹೋಗಿರುತ್ತೆ, ತಳಕ್ಕೂ ಹಾಕ್ಬೇಕು.

ಬೆರಳಿನದೇ ಎಚ್ಚರಿಕೆಯ ಕೆಲಸ. ಅಲ್ಲಿ ಹಿಗ್ಗೋಕೆ ಜಾಗ ಇಲ್ಲ, ಒತ್ತಡ ಹೆಚ್ಚಾದ್ರೆ ರಕ್ತ ಓಡಾಟ ನಿಲ್ಲುತ್ತೆ. ಸ್ವಲ್ಪ ಸ್ವಲ್ಪ ಹಾಕ್ತಾ ಉಗುರು ಒತ್ತಿ ಬಿಟ್ಟು ಕೆಂಪು ವಾಪಸ್ ಬರುತ್ತಾ ನೋಡ್ತಾ ಹೋದೆ, 0.2 ಆಗೋಷ್ಟರಲ್ಲಿ ಬೆರಳ ತುದಿ ಬಿಗಿಯಾಗಿ ಬಿಳಿಚೋಕೆ ಶುರುವಾಯ್ತು, ನಿಲ್ಲಿಸಿಬಿಟ್ಟೆ, ಎರಡು ನಿಮಿಷದಲ್ಲಿ ಬಣ್ಣ ಬಂತು. ಉಳಿದ 0.1 ಮುಂಗೈಗೆ ಹೋಯ್ತು. ಕಿವಿ, ಕಣ್ಣುರೆಪ್ಪೆ, ಮೂಗಿನ ತುದಿಗೂ ಇದೇ ಮಾತು, ಎಷ್ಟು ಹಿಡಿಯುತ್ತೋ ಅಷ್ಟೇ.

ಕೆನ್ನೆಗೆ ಹೊಲಿಗೆ ಹಾಕಿ ಅಂತ ಮನೆಯವ್ರು ಕೇಳಿದ್ರು. ಔಷಧಿ ಹಾಕೋಕೆ ಮೊದಲು ಹೊಲಿದ್ರೆ ವೈರಸ್ಸನ್ನ ಒಳಗೇ ಹೊಲಿದ ಹಾಗೆ, ಸೂಜಿ ಓಡಾಡಿ ಇನ್ನಷ್ಟು ನರಕ್ಕೆ ತಗುಲುತ್ತೆ. ಹೊಲಿಯಲೇಬೇಕು ಅಂದ್ರೆ ಇಮ್ಯುನೋಗ್ಲೋಬುಲಿನ್ ಹಾಕಿ ಕೆಲವು ಗಂಟೆ ಬಿಟ್ಟು, ಸಡಿಲವಾಗಿ, ಕಮ್ಮಿ ಹೊಲಿಗೆ. ಹುಡುಗನಿಗೆ ರಕ್ತ ನಿಂತಿತ್ತು, ಅವತ್ತು ಹೊಲಿಲಿಲ್ಲ.

ಲಸಿಕೆ ಬೇರೆ ಸಿರಿಂಜ್, ಬೇರೆ ಜಾಗ. ಇಮ್ಯುನೋಗ್ಲೋಬುಲಿನ್ ಹಾಕಿದ ಹತ್ರ ಲಸಿಕೆ ಹಾಕಿದ್ರೆ ಒಂದನ್ನೊಂದು ತಿಂದುಹಾಕುತ್ತೆ. ಬಲಗೈಲಿ ಗಾಯ ಇದ್ದಿದ್ದರಿಂದ ಎಡ ತೋಳಿಗೆ 0.1 ಎಂಎಲ್, ಎಡ ತೊಡೆಗೆ 0.1 ಎಂಎಲ್, ಎರಡೂ ಚರ್ಮದೊಳಗೆ. ಮುಂದೆ 3, 7, 28ನೇ ದಿನ.

ಆಮೇಲೆ ಒಂದು ಗಂಟೆ ಕೂರಿಸ್ಕೊಂಡೆ, ಏನೂ ಆಗ್ಲಿಲ್ಲ. ತಾಯಿಗೆ ಒಂದು ಮಾತು ಬಿಡಿಸಿ ಹೇಳ್ದೆ, ವಾರ ಹತ್ತು ದಿನ ಆದ ಮೇಲೆ ಜ್ವರ, ಮೈಮೇಲೆ ದದ್ದು, ಗಂಟು ನೋವು ಬಂದ್ರೆ ಅದು ಸೀರಮ್ಮಿನದ್ದಿರಬಹುದು, ಹೆದರಿ ಲಸಿಕೆ ನಿಲ್ಲಿಸ್ಬೇಡಿ, ಬನ್ನಿ ಅಂತ. ನಮ್ಮ ಕಡೆ ಮಂದಿ ಹೆಚ್ಚಾಗಿ ಕೊನೇ ಡೋಸ್ ಬಿಡೋದು, ಗಾಯ ಒಣಗಿರುತ್ತಲ್ಲ.

ಆ ದಿನ ಇಮ್ಯುನೋಗ್ಲೋಬುಲಿನ್ ಸಿಗ್ಲಿಲ್ಲ ಅಂದ್ರೆ ಲಸಿಕೆ ನಿಲ್ಲಿಸಬಾರದು, ಮೊದಲ ಲಸಿಕೆಯಿಂದ 7ನೇ ದಿನದ ತನಕ ಗಾಯಕ್ಕೆ ಹಾಕ್ಬಹುದು. ಅದರಾಚೆ ಮೈ ತಾನೇ ಪ್ರತಿಕಾಯ ಮಾಡೋಕೆ ಶುರು ಮಾಡಿರುತ್ತೆ, ಆಗ ಕೊಡೋದಿಲ್ಲ.

ಕೊನೇಗೆ ಚೀಟಿ. ನಾನು ಬರೆಯೋದು ಹೀಗೆ: ತೂಕ 14 ಕೆಜಿ, ಕುದುರೆ ಇಮ್ಯುನೋಗ್ಲೋಬುಲಿನ್, ಬ್ಯಾಚ್ ನಂಬರ್, 1.8 ಎಂಎಲ್, ಸಲೈನ್ ಸೇರಿಸಿ 3.6, ಕೆನ್ನೆ, ತುಟಿ, ಮುಂಗೈ, ಬೆರಳು, ತಾರೀಕು. ಮುಂದಿನ ಡೋಸಿಗೆ ಕುಮಟಾಕ್ಕೋ ಶಿರಸಿಗೋ ಹೋದ್ರೆ ಅಲ್ಲಿ ಇನ್ನೊಂದ್ಸಲ ಇಮ್ಯುನೋಗ್ಲೋಬುಲಿನ್ ಹಾಕಬಾರದು. ಲಸಿಕೆ ಪೂರ್ತಿ ಮುಗಿದಿರೋ ದಾಖಲೆ ಇದ್ರೆ ಮುಂದೆ ಯಾವತ್ತಾದ್ರೂ ಮತ್ತೆ ನಾಯಿ ಕಚ್ಚಿದಾಗ ಗಾಯಕ್ಕೆ ಈ ಸೂಜಿ ಬೇಡ, ಗಾಯ ತೊಳೆದು 0 ಮತ್ತು 3ನೇ ದಿನ ಲಸಿಕೆ ಸಾಕು. ಅದಕ್ಕೇ ಆ ಚೀಟಿನ ರೇಷನ್ ಕಾರ್ಡ್ ಜೊತೆ ಇಡಿ ಅಂತ ಹೇಳಿ ಕಳಿಸಿದೆ.