ನಾಲ್ಕು ಇಡ್ಲಿ ಇಂಗ್ಲಿಷಿಗೆ ಹೋದಾಗ

ಕಳೆದ ದಸರೆಗೆ ಮುಂಚೆ, ಮೈಸೂರಿನ ಸರಸ್ವತಿಪುರಂನಲ್ಲಿ ಅತಿಥಿಗೃಹ ನಡೆಸುವ ನಮ್ಮ ಬಂಧುಗಳು ಹೊರದೇಶದ ಅತಿಥಿಗಳಿಗಾಗಿ ಸಿದ್ಧಪಡಿಸಿದ್ದ ಇಂಗ್ಲಿಷ್ ಕಿರುಪುಸ್ತಿಕೆಯನ್ನು ತಿದ್ದಿಕೊಡಲು ನನಗೆ ಕೊಟ್ಟಿದ್ದರು. ಬೆಳಗಿನ ತಿಂಡಿಯ ಪುಟದಲ್ಲಿ ‘ಫೋರ್ ಇಡ್ಲಿ, ಟೂ ವಡೆ, ಟೂ ದೋಸೆ’ ಎಂದಿತ್ತು. ಕನ್ನಡದ ಕಿವಿಗೆ ಇದರಲ್ಲಿ ತಪ್ಪೇನೂ ಕೇಳಿಸುವುದಿಲ್ಲ. ಇಪ್ಪತ್ತು ವರ್ಷಗಳಿಂದ ಇಂಗ್ಲಿಷ್ ಬರಹಗಳನ್ನು ತಿದ್ದುತ್ತಿರುವ ನಾನೂ ಮೊದಲ ಓದಿನಲ್ಲಿ ಅದನ್ನು ದಾಟಿಕೊಂಡು ಮುಂದಿನ ಪುಟಕ್ಕೆ ಹೋಗಿದ್ದೆ.

ಹಾಗೆ ಆಗುವುದಕ್ಕೆ ಕಾರಣ ನಮ್ಮ ವ್ಯಾಕರಣದಲ್ಲೇ ಇದೆ. ಮನುಷ್ಯರನ್ನು ಎಣಿಸುವಾಗ ನಾವು ‘ನಾಲ್ಕು ಮಕ್ಕಳು’ ಎನ್ನುತ್ತೇವೆಯೇ ಹೊರತು ‘ನಾಲ್ಕು ಮಗು’ ಎನ್ನುವುದಿಲ್ಲ. ಆದರೆ ವಸ್ತುವಿನ ಹೆಸರಿಗೆ ಮೊದಲು ಸಂಖ್ಯೆ ಬಂದರೆ ಬಹುವಚನದ ಕೆಲಸವನ್ನು ಆ ಸಂಖ್ಯೆಯೇ ಮಾಡಿಬಿಡುತ್ತದೆ. ಹೋಟೆಲಿನಲ್ಲಿ ಯಾರೂ ‘ನಾಲ್ಕು ಇಡ್ಲಿಗಳನ್ನು ಕೊಡಿ’ ಎಂದು ಕೇಳುವುದಿಲ್ಲ, ‘ನಾಲ್ಕು ಇಡ್ಲಿ ಕೊಡಿ’ ಎಂದೇ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಬುಕ್ಸ್’ ಎನ್ನುವಲ್ಲಿ ಎಚ್ಚರವಾಗಿರುವ ಮನಸ್ಸು ‘ಇಡ್ಲಿ’ ಎಂಬ ಪದ ಬಂದ ಕೂಡಲೇ ಮನೆಯ ಪದವೆಂದು ಮನೆಯ ನಿಯಮವನ್ನೇ ಅನ್ವಯಿಸಿಬಿಡುತ್ತದೆ.

ನಾನು ಅನುಸರಿಸುವ ನಿಯಮ ಇದಕ್ಕೆ ವಿರುದ್ಧವಾದದ್ದು: ವಾಕ್ಯ ಯಾವ ಭಾಷೆಯದೋ ಬಹುವಚನವೂ ಆ ಭಾಷೆಯದೇ. ನಾವು ಇಂಗ್ಲಿಷಿನಿಂದ ಬಸ್ಸನ್ನು ತೆಗೆದುಕೊಂಡು ‘ಬಸ್ಸುಗಳು’ ಎಂದೆವು, ಅವರ ಪ್ರತ್ಯಯವನ್ನು ಜೊತೆಗೆ ತರಲಿಲ್ಲ. ಅದೇ ನ್ಯಾಯದಿಂದ ಇಂಗ್ಲಿಷ್ ವಾಕ್ಯದೊಳಗೆ ಇಡ್ಲಿಗೆ ಒಂದು ‘ಎಸ್’ ಸೇರಿದರೆ ಸಾಕು. ಕೆಲವು ಇಂಗ್ಲಿಷ್ ನಿಘಂಟುಗಳು ದೋಸೆಗೆ ‘ದೋಸೈ’ ಎಂಬ ಬಹುವಚನವನ್ನೂ ಕೊಡುತ್ತವೆ. ಅದು ತಮಿಳಿನಲ್ಲಿ ಒಂದೇ ದೋಸೆಯ ಹೆಸರಾದ್ದರಿಂದ ನಾನು ಅದನ್ನು ಬಳಸುವುದಿಲ್ಲ. ನಾವು ಬಹುವಚನವಾದ ‘ಚಿಪ್ಸ್’ ಅನ್ನು ಏಕವಚನದಂತೆ ಹಿಡಿದು ‘ಚಿಪ್ಸ್‌ಗಳು’ ಎಂದಂತೆ, ಅವರು ಏಕವಚನವನ್ನು ಬಹುವಚನವೆಂದು ತಿಳಿದಿದ್ದಾರೆ.

ಆದರೆ ‘ಎಸ್’ ಸೇರಿಸುವುದಕ್ಕಿಂತ ಮೊದಲು ಮೂಲಪದದ ಅಕ್ಷರಗಳನ್ನು ನಿಶ್ಚಯಿಸಿಕೊಳ್ಳಬೇಕು. ನಿಜವಾದ ಅಪಾಯ ಇರುವುದು ಅಲ್ಲಿಯೇ. ಇಡ್ಲಿಯನ್ನು ಕೊನೆಯಲ್ಲಿ ‘ವೈ’ ಇಟ್ಟು ಬರೆದರೆ ಅದು ‘ಸೋಮಾರಿತನದಿಂದ’ ಎಂಬ ಅರ್ಥದ ಇಂಗ್ಲಿಷ್ ಪದವಾಗುತ್ತದೆ, ಓದುವವರು ‘ಐಡ್ಲಿ’ ಎಂದೇ ಓದುತ್ತಾರೆ. ಅದರ ಬಹುವಚನ ಮಾಡಹೊರಟವರು ಇಂಗ್ಲಿಷಿನ ನಿಯಮಕ್ಕೆ ನಿಷ್ಠರಾಗಿ ‘ವೈ’ ತೆಗೆದು ‘ಐಇಎಸ್’ ಹಾಕುತ್ತಾರೆ. ದೋಸೆಯನ್ನು ಕನ್ನಡದ ಉಚ್ಚಾರಣೆಗೆ ತಕ್ಕಂತೆ ‘ಇ’ ಅಕ್ಷರದಲ್ಲಿ ಮುಗಿಸಿದರಂತೂ ಅದು ಔಷಧದ ಡೋಸ್ ಆಗುತ್ತದೆ. ನಮ್ಮ ಪುಸ್ತಿಕೆಯಲ್ಲಿ ಆಗಿದ್ದೂ ಅದೇ, ‘ಎಸ್’ ಮಾತ್ರ ಸೇರಿಸಿದ್ದರೆ ಅತಿಥಿಗಳಿಗೆ ಬೆಳಿಗ್ಗೆ ಎರಡು ಡೋಸ್ ಎಂದು ಮುದ್ರಣವಾಗುತ್ತಿತ್ತು. ಇವೆರಡೂ ಇಂಗ್ಲಿಷಿನಲ್ಲಿ ಇರುವ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕವು ಅವುಗಳ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ. ಹೀಗಾಗಿ ನಾನು ಲಿಬ್ರೆ ಆಫೀಸಿನ ಹುಡುಕುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಯನ್ನು ಗುರುತಿಸಿ, ಇಂಥ ರೂಪಗಳನ್ನೆಲ್ಲ ಒಂದೇ ಹುಡುಕಾಟದಲ್ಲಿ ಹಿಡಿಯುವ ಈ ಸೂತ್ರವನ್ನು ಹಾಕುತ್ತೇನೆ:

```
\b(idly|idlies|doses?|(idli|dosa|vada)['’]s)\b
```

ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸಬಾರದು, ಒಂದೊಂದನ್ನೂ ಓದಿ ನೋಡಬೇಕು. ಅಪಾಸ್ಟ್ರಫಿ ಎಂಬ ಮೇಲಿನ ಚುಕ್ಕೆಯೊಡನೆ ಬರುವ ‘ಎಸ್’ ಬಹುವಚನವಾಗಿದ್ದರೆ ತಪ್ಪು, ‘ಇಡ್ಲಿಯ ಮೃದುತ್ವ’ ಎಂಬ ಷಷ್ಠಿಯಾಗಿದ್ದರೆ ಸರಿ.

ಎಲ್ಲ ಕಡೆಯೂ ‘ಎಸ್’ ಬೇಕಿಲ್ಲ ಎಂಬುದನ್ನು ನಾನು ಕಲಿತದ್ದು ತಡವಾಗಿ. ಇಡ್ಲಿ ಹಿಟ್ಟು, ದೋಸೆ ಕಾವಲಿ ಎನ್ನುವಾಗ ಮೊದಲ ಪದ ವಿಶೇಷಣದ ಸ್ಥಾನದಲ್ಲಿರುವುದರಿಂದ ಇಂಗ್ಲಿಷಿನಲ್ಲಿಯೂ ಏಕವಚನವೇ ಇರಬೇಕು. ‘ತಿಂಡಿಗೆ ಇಡ್ಲಿ ಇತ್ತು’ ಎಂದು ತಿಂಡಿಯ ಬಗೆಯನ್ನು ಹೇಳುವಾಗಲೂ ಹಾಗೆಯೇ. ಮಸಾಲೆ ದೋಸೆಯಲ್ಲಿ ‘ಎಸ್’ ಸೇರುವುದು ದೋಸೆಗೆ ಮಾತ್ರ. ಸೌಟಿನಿಂದ ಬಡಿಸುವ ಉಪ್ಪಿಟ್ಟು, ಸಾಂಬಾರುಗಳನ್ನು ಎಣಿಸುವುದಿಲ್ಲವಾದ್ದರಿಂದ ಅಲ್ಲಿ ತಟ್ಟೆ, ಬಟ್ಟಲುಗಳಿಗೆ ಬಹುವಚನ ಕೊಡುತ್ತೇನೆ. ಚಟ್ನಿಗೆ ‘ಎಸ್’ ಹಾಕಿದರೆ ಎರಡು ಮೂರು ಬಗೆಯ ಚಟ್ನಿ ಎಂದಾಗುತ್ತದೆ. ಪುಸ್ತಿಕೆಯಲ್ಲಿ ಕಾಯಿ ಚಟ್ನಿ, ಕೆಂಪು ಚಟ್ನಿ ಎರಡೂ ಇದ್ದುದರಿಂದ ಹಾಗೆಯೇ ಉಳಿಸಿದೆ.

ಕೊನೆಗೆ ಪುಟದಲ್ಲಿ ‘ಫೋರ್ ಇಡ್ಲೀಸ್, ಟೂ ವಡಾಸ್ ಆರ್ ಟೂ ದೋಸಾಸ್’ ಎಂದು ಅಚ್ಚಾಯಿತು. ನಮ್ಮ ವಡೆ, ದೋಸೆಗಳ ಕೊನೆಯ ‘ಎ’ಕಾರ ಹೋಗಿ ‘ಆ’ ಬಂದದ್ದಕ್ಕೆ ಬಂಧುಗಳು ಬೇಸರಪಟ್ಟರು. ನನಗೂ ಅದು ಇಷ್ಟವಾಗಿರಲಿಲ್ಲ. ಆದ್ದರಿಂದ ಪ್ರತಿ ತಿಂಡಿಯ ಹೆಸರನ್ನೂ ಅದೇ ಪುಟದ ಅಂಚಿನಲ್ಲಿ ಕನ್ನಡ ಲಿಪಿಯಲ್ಲಿ, ಏಕವಚನದಲ್ಲಿ ಹಾಕಿಸಿದೆವು.