ನಡಾವಳಿಗೆ ಸಹಿ ಬಿದ್ದ ಮೇಲೂ ಉಳಿಯಬೇಕಾದ ಧ್ವನಿಮುದ್ರಣ

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗ ತಯಾರಿಸುವ ಕಂಪನಿಯೊಂದರಲ್ಲಿ ನಾನು ಕಂಪನಿ ಸೆಕ್ರೆಟರಿ. ಷೇರುಪೇಟೆಗೆ ಬಾರದ ಕಂಪನಿ, ಆರು ಮಂದಿ ನಿರ್ದೇಶಕರು. 2021ರಲ್ಲಿ ಕೆಲಸಕ್ಕೆ ಸೇರಿದಾಗ ಮಂಡಳಿ ಸಭೆಗಳ ಧ್ವನಿಮುದ್ರಣಕ್ಕೆ ನಿಯಮವೆಂಬುದೇ ಇರಲಿಲ್ಲ. ಕಡತಗಳ ಬೀರುವಿನಲ್ಲಿ ಒಂದು ಲಕೋಟೆಯ ತುಂಬ ಪೆನ್‌ಡ್ರೈವ್‌ಗಳಿದ್ದವು. ಯಾವುದರಲ್ಲಿ ಯಾವ ಸಭೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಒಂದೇ ಸಾಲಿನ ನಿಯಮ ಬರೆದು ಮಂಡಳಿಯಿಂದ ಒಪ್ಪಿಗೆ ಪಡೆದೆ: ‘ನಡಾವಳಿಗೆ ಅಧ್ಯಕ್ಷರು ಸಹಿ ಮಾಡಿದ ಏಳು ದಿನಗಳೊಳಗೆ ಧ್ವನಿಮುದ್ರಣವನ್ನು ಅಳಿಸತಕ್ಕದ್ದು.’

ಹಾಗೆ ಬರೆಯಲು ಬಲವಾದ ಕಾರಣವಿತ್ತು. 2013ರ ಕಂಪನಿ ಕಾಯ್ದೆಯ 118ನೇ ಕಲಮಿನ ಪ್ರಕಾರ ನಡಾವಳಿ ಎಂದರೆ ಸಭೆಯ ನ್ಯಾಯಯುತವಾದ, ಸರಿಯಾದ ಸಾರಾಂಶ. ಆಡಿದ ಮಾತೆಲ್ಲ ಅದರಲ್ಲಿ ಬರಬೇಕಿಲ್ಲ. ಇನ್ನೊಬ್ಬರ ಮಾನಕ್ಕೆ ಕುಂದು ತರುವ ಮಾತು, ವಿಷಯಕ್ಕೆ ಸಂಬಂಧಿಸದ ಮಾತು, ಕಂಪನಿಯ ಹಿತಕ್ಕೆ ಧಕ್ಕೆಯಾಗುವ ಮಾತು, ಇವನ್ನು ಹೊರಗಿಡುವ ಅಧಿಕಾರವನ್ನು ಅದೇ ಕಲಮು ಅಧ್ಯಕ್ಷರಿಗೆ ಕೊಟ್ಟಿದೆ. ನಮ್ಮ ನಿರ್ದೇಶಕರೊಬ್ಬರು ಒಮ್ಮೆ ಸಿಟ್ಟಿನಲ್ಲಿ, ಸರಕು ತಡಮಾಡಿದ ಪೂರೈಕೆದಾರರನ್ನು ಕಳ್ಳರೆಂದು ಕರೆದರು. ಅಧ್ಯಕ್ಷರು ಅದನ್ನು ನಡಾವಳಿಯಿಂದ ಬಿಟ್ಟರು. ಆದರೆ ಪೆನ್‌ಡ್ರೈವಿನಲ್ಲಿ ಆ ಮಾತು ಹೇಳಿದ ದನಿಯಲ್ಲೇ ಉಳಿದಿತ್ತು. ಕಾನೂನು ಹೊರಗಿಡಲು ಬಿಟ್ಟದ್ದನ್ನು ನಾವೇ ಬೀರುವಿನಲ್ಲಿ ಜೋಪಾನ ಮಾಡುವುದು ನನಗೆ ಸರಿಯೆನಿಸಲಿಲ್ಲ.

ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನಡೆಸುವ ಸಭೆಗೆ ಆ ನಿಯಮ ಇಂದಿಗೂ ಸರಿಯಾಗಿದೆ. ಅಂಥ ಸಭೆಯನ್ನು ಮುದ್ರಿಸಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಅದು ಬರೆಯುವವರ ಅನುಕೂಲಕ್ಕೆ ಇರುವ ಸಾಧನ, ಬರೆದು ಮುಗಿದ ಮೇಲೆ ಅದರ ಕೆಲಸವೂ ಮುಗಿಯಿತು. ನಾನು ತಪ್ಪಿದ್ದು ವಿಡಿಯೊ ಮೂಲಕ ನಿರ್ದೇಶಕರು ಸೇರಿಕೊಳ್ಳುವ ಸಭೆಯ ವಿಷಯದಲ್ಲಿ.

2022ರ ನವೆಂಬರ್ 14ರ ಸಭೆಯನ್ನು ಹೇಳುತ್ತೇನೆ. ಐವರು ಪೀಣ್ಯದ ಕಚೇರಿಯಲ್ಲಿದ್ದರು, ಒಬ್ಬರು ಸಿಂಗಪುರದಿಂದ ವಿಡಿಯೊದಲ್ಲಿ ಸೇರಿದ್ದರು. ಗ್ರೈಂಡಿಂಗ್ ಯಂತ್ರವೊಂದರ ಖರೀದಿ ಚರ್ಚೆಗೆ ಬಂತು. ನಾನು ಒಂಬತ್ತನೆಯ ದಿನ ಕರಡು ನಡಾವಳಿಯನ್ನು ಎಲ್ಲರಿಗೂ ಕಳುಹಿಸಿದೆ. ಹದಿನೈದು ದಿನಗಳೊಳಗೆ ಕಳುಹಿಸಬೇಕು, ಬಂದ ಏಳು ದಿನಗಳೊಳಗೆ ನಿರ್ದೇಶಕರು ತಮ್ಮ ಅಭಿಪ್ರಾಯ ತಿಳಿಸಬೇಕು, ತಿಳಿಸದಿದ್ದರೆ ಒಪ್ಪಿದ್ದಾರೆಂದು ಭಾವಿಸಬಹುದು. ಕರಡು ಕಳುಹಿಸಿದ ಐದನೆಯ ದಿನ ಸಿಂಗಪುರದಿಂದ ಪತ್ರ ಬಂತು: ‘ಖರೀದಿಗೆ ಸರ್ವಾನುಮತ ಎಂದು ಬರೆದಿದ್ದೀರಿ. ನಾನು ಒಪ್ಪಿರಲಿಲ್ಲ.’

ಅಧ್ಯಕ್ಷರೂ ನಾನೂ ಕೂತು, ಅವರನ್ನೂ ವಿಡಿಯೊದಲ್ಲಿ ಸೇರಿಸಿಕೊಂಡು ಧ್ವನಿಮುದ್ರಣ ಕೇಳಿದೆವು. ನಲವತ್ತೇಳನೆಯ ನಿಮಿಷದಲ್ಲಿ ಅವರ ದನಿ ಕರಕರ ಎನ್ನುತ್ತಾ ಒಡೆಯುತ್ತದೆ. ಮೂರನೆಯ ಸಲ ಕೇಳಿದಾಗ ಮಾತು ಬಿಡಿಸಿಕೊಂಡಿತು: ‘ಎರಡನೆಯ ಕೊಟೇಶನ್ ಬರುವ ತನಕ ನನ್ನ ಒಪ್ಪಿಗೆ ಇಲ್ಲ.’ ಮರುಕ್ಷಣವೇ ಅಧ್ಯಕ್ಷರ ದನಿ: ‘ಸರಿ, ಹಾಗಾದರೆ ಮುಂದಿನ ವಿಷಯ.’ ಇಲ್ಲಿ ಎರಡು ಲೋಪಗಳಿದ್ದವು. ಮಾತು ಒಡೆದರೆ ಅಧ್ಯಕ್ಷರಾಗಲಿ ಸೆಕ್ರೆಟರಿಯಾಗಲಿ ಮತ್ತೊಮ್ಮೆ ಹೇಳಿಸಬೇಕೆಂದು ನಿಯಮವೇ ಇದೆ. ನಾನು ಹೇಳಿಸಿರಲಿಲ್ಲ. ಪ್ರತಿ ವಿಷಯದ ಕೊನೆಗೆ ಅಧ್ಯಕ್ಷರು ತೀರ್ಮಾನದ ಸಾರವನ್ನೂ ಭಿನ್ನಮತ ಹೇಳಿದವರ ಹೆಸರನ್ನೂ ಘೋಷಿಸಬೇಕು. ಅದೂ ಆಗಿರಲಿಲ್ಲ. ಕರಡನ್ನು ತಿದ್ದಿ ಭಿನ್ನಮತವನ್ನು ಸೇರಿಸಿದೆವು. ಇಪ್ಪತ್ತಾರನೆಯ ದಿನ, ಅಂದರೆ ಮೂವತ್ತು ದಿನಗಳ ಗಡುವಿನೊಳಗೆ, ನಡಾವಳಿ ಪುಸ್ತಕಕ್ಕೆ ಏರಿಸಿ ಸಹಿ ಮಾಡಿಸಿದೆವು. ಮುಂದಿನ ವಾರ, ನಮ್ಮ ನಿಯಮದಂತೆ, ನಾನು ಧ್ವನಿಮುದ್ರಣವನ್ನು ಅಳಿಸಿದೆ.

ಮುಂದಿನ ಜುಲೈನಲ್ಲಿ ಲೆಕ್ಕ ಪರಿಶೋಧಕರು ಬಂದರು. ಆ ಯಂತ್ರದ ಖರೀದಿ ಕಡತದಲ್ಲಿ ಹಳೆಯ ಕರಡಿನ ಪ್ರತಿಯೂ ಸೇರಿತ್ತು. ‘ಮೇಡಂ, ಕರಡಿನಲ್ಲಿ ಸರ್ವಾನುಮತ ಇದೆ, ಸಹಿಯಾದದ್ದರಲ್ಲಿ ಭಿನ್ನಮತ ಇದೆ. ರೆಕಾರ್ಡಿಂಗ್ ಕೇಳಿಸುತ್ತೀರಾ?’ ಎಂದರು. ನಡಾವಳಿ ಅಂಗೀಕಾರವಾದ ಮೇಲೆ ಅಳಿಸಿದ್ದೇವೆ ಎಂದೆ. ಅವರು ವಾದ ಮಾಡಲಿಲ್ಲ. ಮಂಡಳಿ ಸಭೆಗಳಿಗೆ ಸಂಬಂಧಿಸಿದ 2014ರ ನಿಯಮಗಳನ್ನು ತೆರೆದು 3ನೇ ನಿಯಮವನ್ನು ನನ್ನ ಮುಂದಿಟ್ಟರು. ವಿಡಿಯೊ ಮೂಲಕ ನಡೆದ ಸಭೆಯ ಮುದ್ರಣವನ್ನು ಕಂಪನಿಯ ದಾಖಲೆಯೆಂದು ಗುರುತು ಹಾಕಿ, ಕನಿಷ್ಠ ಆ ವರ್ಷದ ಲೆಕ್ಕ ಪರಿಶೋಧನೆ ಮುಗಿಯುವ ತನಕ ಭದ್ರವಾಗಿ ಇಡಬೇಕು ಎಂದು ಅದರ 2ನೇ ಉಪನಿಯಮದಲ್ಲಿದೆ.

ಆ ನಿಯಮವನ್ನು ನಾನು ಓದಿರಲಿಲ್ಲ ಎಂದಲ್ಲ. ಎರಡು ಮಾತುಗಳನ್ನು ಒಂದಾಗಿ ಓದಿದ್ದೆ. 11ನೇ ಉಪನಿಯಮಕ್ಕೆ 2017ರಲ್ಲಿ ಸೇರಿಸಿದ ಮಾತಿನಂತೆ, *ಕರಡು ನಡಾವಳಿಯನ್ನು* ಅದು ದೃಢಪಡುವ ತನಕ ಇಡಬೇಕು. 2ನೇ ಉಪನಿಯಮದಂತೆ *ಮುದ್ರಣವನ್ನು* ಲೆಕ್ಕ ಪರಿಶೋಧನೆ ಮುಗಿಯುವ ತನಕ ಇಡಬೇಕು. ಕರಡಿಗೆ ಇರುವ ಅವಧಿಯನ್ನು ನಾನು ಮುದ್ರಣಕ್ಕೆ ಹಚ್ಚಿದ್ದೆ. ನನಗೆ ಗೊತ್ತಿರುವ ಇನ್ನೂ ಇಬ್ಬರು ಸೆಕ್ರೆಟರಿಗಳು ಇದೇ ರೀತಿ ಓದಿಕೊಂಡಿದ್ದರು, ಆದ್ದರಿಂದಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಅಳಿಸಿದ್ದು ಮರಳಿ ಬರುವುದಿಲ್ಲ. ಅಧ್ಯಕ್ಷರೂ ಸಿಂಗಪುರದ ನಿರ್ದೇಶಕರೂ ಆ ದಿನ ಕೇಳಿದ್ದನ್ನು ಲಿಖಿತವಾಗಿ ದೃಢಪಡಿಸಿದರು. ನಾನು ನನ್ನ ಲೋಪವನ್ನು ಟಿಪ್ಪಣಿಯಾಗಿ ಬರೆದು ಆಗಸ್ಟ್ ಸಭೆಯ ಮುಂದಿಟ್ಟೆ.

ಅದೇ ಸಭೆಯಲ್ಲಿ ನಿಯಮವನ್ನು ಎರಡಾಗಿ ಒಡೆದೆವು. ಎಲ್ಲರೂ ಕೋಣೆಯಲ್ಲೇ ಇದ್ದರೆ ಹಳೆಯ ನಿಯಮ, ಸಹಿಯಾದ ಏಳು ದಿನಗಳಲ್ಲಿ ಅಳಿಸುವುದು. ಒಬ್ಬರೇ ಒಬ್ಬರು ವಿಡಿಯೊದಲ್ಲಿ ಸೇರಿದರೂ ಇಡೀ ಸಭೆಯ ಮುದ್ರಣಕ್ಕೆ ಎರಡನೆಯ ನಿಯಮ. ಒಬ್ಬರು ಅರ್ಧಕ್ಕೆ ಹೊರಟುಹೋಗಿದ್ದರೂ ಅಷ್ಟೇ. ಆ ಹಣಕಾಸು ವರ್ಷದ ಪರಿಶೋಧನಾ ವರದಿಗೆ ಸಹಿ ಬೀಳಬೇಕು, ವಾರ್ಷಿಕ ಮಹಾಸಭೆ ಮುಗಿಯಬೇಕು, ಆಮೇಲೆ ಅಕ್ಟೋಬರ್‌ನಲ್ಲಿ ಗೊತ್ತು ಮಾಡಿದ ಒಂದು ದಿನ ಆ ವರ್ಷದ್ದನ್ನೆಲ್ಲ ಒಟ್ಟಿಗೆ ಅಳಿಸುವುದು. ಮಹಾಸಭೆಯ ತನಕ ಕಾಯಬೇಕೆಂದು ನಿಯಮದಲ್ಲಿಲ್ಲ. ಲೆಕ್ಕಪತ್ರವನ್ನು ಸದಸ್ಯರು ಪ್ರಶ್ನಿಸುವ ಸಾಧ್ಯತೆ ಇರುವ ತನಕ ಇರಲಿ ಎಂದು ನಾವೇ ಸೇರಿಸಿಕೊಂಡೆವು.

ಇದರಿಂದ ಪ್ರತಿ ಸಭೆಯ ಮುದ್ರಣಕ್ಕೂ ಆಯುಸ್ಸು ಬೇರೆಯಾಗುತ್ತದೆ. 2023–24ರ ಲೆಕ್ಕಕ್ಕೆ ನಮ್ಮಲ್ಲಿ 2024ರ ಆಗಸ್ಟ್‌ನಲ್ಲಿ ಸಹಿಯಾಯಿತು. 2023ರ ಮೇ ತಿಂಗಳ ಸಭೆಯ ಮುದ್ರಣ ಅಷ್ಟರಲ್ಲಿ ಹದಿನೈದು ತಿಂಗಳು ಇದ್ದಿತ್ತು, 2024ರ ಮಾರ್ಚ್‌ನದ್ದು ಐದೇ ತಿಂಗಳು. ಆದ್ದರಿಂದ ‘ಇಷ್ಟು ತಿಂಗಳು’ ಎಂದು ನಿಯಮ ಬರೆಯಬಾರದು, ಯಾವ ಘಟನೆಯ ತನಕ ಎಂದು ಬರೆಯಬೇಕು. ವ್ಯಾಜ್ಯವಾಗಲಿ ವಿಚಾರಣೆಯಾಗಲಿ ಎದ್ದಿದ್ದರೆ ಆ ಸಭೆಯ ಮುದ್ರಣವನ್ನು ಪಟ್ಟಿಯಿಂದ ತೆಗೆದು, ಅದು ಇತ್ಯರ್ಥವಾಗುವ ತನಕ ಮುಟ್ಟುವುದಿಲ್ಲ.

ಇಡುತ್ತೇವೆಂದು ತೀರ್ಮಾನಿಸಿದ ಮಾತ್ರಕ್ಕೆ ಅದು ಉಳಿಯುತ್ತದೆ ಎಂದೇನೂ ಇಲ್ಲ. ಹೊಸ ನಿಯಮ ಬಂದ ವರ್ಷವೇ ಎರಡು ಸಭೆಗಳ ಮುದ್ರಣಗಳು ಕಾಣೆಯಾಗುವುದರಲ್ಲಿದ್ದವು. ನಾವು ಬಳಸುವ ವಿಡಿಯೊ ಸೇವೆಯಲ್ಲಿ, ಕೆಲವು ತಿಂಗಳ ನಂತರ ಮುದ್ರಣ ತಾನಾಗಿ ಅಳಿಯುವ ಸೆಟ್ಟಿಂಗ್ ಇತ್ತು. ಅದನ್ನು ಯಾರೂ ನೋಡಿರಲಿಲ್ಲ. ಎಚ್ಚರಿಕೆಯ ಮಿಂಚಂಚೆ ಕೆಲಸ ಬಿಟ್ಟುಹೋದ ಒಬ್ಬ ಹುಡುಗನ ವಿಳಾಸಕ್ಕೆ ಹೋಗುತ್ತಿತ್ತು. ಅವನ ಅಂಚೆಪೆಟ್ಟಿಗೆ ಮುಚ್ಚುವ ಮೊದಲು ಒಮ್ಮೆ ನೋಡೋಣವೆಂದು ತೆರೆದಾಗ, ಇನ್ನು ನಾಲ್ಕು ದಿನ ಮಾತ್ರ ಉಳಿದಿತ್ತು. ಈಗ ಸಭೆಯ ದಿನವೇ ಮುದ್ರಣವನ್ನು ಇಳಿಸಿಕೊಂಡು, ಪಾಸ್‌ವರ್ಡ್ ಇರುವ ಎರಡು ಡಿಸ್ಕ್‌ಗಳಲ್ಲಿ ಹಾಕಿ, ಒಂದನ್ನು ನನ್ನ ಬಳಿ, ಇನ್ನೊಂದನ್ನು ಹಣಕಾಸು ಮುಖ್ಯಸ್ಥರ ತಿಜೋರಿಯಲ್ಲಿ ಇಡುತ್ತೇವೆ. ಸೇವೆಯಲ್ಲಿರುವ ಪ್ರತಿಯನ್ನು ತೆಗೆದುಹಾಕುತ್ತೇವೆ. ಸಭೆಯ ಚಾಟ್ ಮತ್ತು ತಾನಾಗಿ ತಯಾರಾಗುವ ಪಠ್ಯ ಬೇರೆ ಫೈಲುಗಳಾಗಿ ಕೂತಿರುತ್ತವೆ, ಅವನ್ನೂ ಹುಡುಕಿ ತೆಗೆಯಬೇಕು. ಇಲ್ಲವಾದರೆ ಅಕ್ಟೋಬರ್‌ನಲ್ಲಿ ದನಿ ಅಳಿದು ಮಾತು ಉಳಿದಿರುತ್ತದೆ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದ ಮೇಲೆ ಇನ್ನೊಂದು ಕೆಲಸ ಸೇರಿಸಿಕೊಂಡೆವು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಬೇಕಾಗುವ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಫೈಲಿನಲ್ಲಿ ಒಂದು ಕ್ಷಣದ ದನಿ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಡಿಸ್ಕ್‌ಗೆ ಹಾಕಿದ ದಿನವೇ ವಿಂಡೋಸ್‌ನಲ್ಲಿ ಹೀಗೆ ತೆಗೆದು ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ:

```
certutil -hashfile board_meeting.mp4 SHA256
```

ಇನ್ನು ಒಪ್ಪಿಗೆ. ಕೋಣೆಯೊಳಗಿನ ಸಭೆಯಲ್ಲಿ ರೆಕಾರ್ಡರನ್ನು ಮೇಜಿನ ನಡುವೆ, ಕೆಂಪು ದೀಪ ಎಲ್ಲರಿಗೂ ಕಾಣುವಂತೆ ಇಟ್ಟು ಕೇಳುತ್ತೇನೆ. ಒಬ್ಬರು ಬೇಡವೆಂದರೂ ಆರಿಸಿ, ಕೈಯಲ್ಲಿ ಬರೆದುಕೊಳ್ಳುತ್ತೇನೆ. ನಮ್ಮ ಹಿರಿಯ ನಿರ್ದೇಶಕರೊಬ್ಬರು ಪ್ರತಿ ಸಲವೂ ಬೇಡ ಎನ್ನುತ್ತಾರೆ, ಕಾರಣ ಕೇಳುವ ಪದ್ಧತಿ ಇಟ್ಟುಕೊಂಡಿಲ್ಲ. ವಿಡಿಯೊ ಸಭೆಯಲ್ಲಿ ಮುದ್ರಣವನ್ನು ಕಾನೂನೇ ಕೇಳುವುದರಿಂದ ನಿರ್ದೇಶಕರ ಮುಂದೆ ‘ಒಪ್ಪುತ್ತೀರಾ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬೇಡವೆಂದರೆ ನಾನೇನೂ ಮಾಡಲಾಗದು. ಅವರಿಗೆ ಬೇಕಾದದ್ದು ತಿಳಿವಳಿಕೆ: ಮುದ್ರಣ ಆಗುತ್ತದೆ, ಇಂಥ ಘಟನೆಯ ತನಕ ಇರುತ್ತದೆ, ಕೇಳಬೇಕಾದರೆ ನನ್ನ ಕೋಣೆಗೆ ಬಂದು ಕೇಳಬಹುದು, ಪ್ರತಿ ಕೊಡುವುದಿಲ್ಲ. ಇದನ್ನು ಸಭೆಯ ನೋಟಿಸಿನಲ್ಲೇ ಬರೆಯುತ್ತೇನೆ. ಹಾಜರಿ ಕರೆಯುವಾಗ ವಿಡಿಯೊದಲ್ಲಿ ಸೇರಿದ ಪ್ರತಿ ನಿರ್ದೇಶಕರೂ ಹೆಸರು ಮತ್ತು ಇರುವ ಸ್ಥಳ ಹೇಳಿ, ಕಾರ್ಯಸೂಚಿ ತಲುಪಿದೆ, ತಮ್ಮ ಕೋಣೆಯಲ್ಲಿ ಬೇರೆ ಯಾರೂ ಸಭೆಯನ್ನು ಕೇಳುತ್ತಿಲ್ಲ ಎಂದೂ ಹೇಳಬೇಕು. ಅದರ ಹಿಂದೆಯೇ ಅಧ್ಯಕ್ಷರು ಮುದ್ರಣ ನಡೆಯುತ್ತಿದೆ ಎಂದು ಪ್ರಕಟಿಸುತ್ತಾರೆ.

ನನಗೆ ಹೊಳೆಯದೆ ಹೋದದ್ದು ಆಹ್ವಾನಿತರ ವಿಷಯ. ಒಮ್ಮೆ ಕಾರ್ಖಾನೆಯ ವ್ಯವಸ್ಥಾಪಕರನ್ನು ಅಪಘಾತವೊಂದರ ವಿವರಣೆಗೆ ಕರೆದಿದ್ದೆವು. ಪ್ರಕಟಣೆಯಾದ ಎಷ್ಟೋ ಹೊತ್ತಿನ ಮೇಲೆ ಅವರು ಒಳಗೆ ಬಂದರು. ತಮ್ಮ ಕೈಕೆಳಗಿನ ಸೂಪರ್‌ವೈಸರ್ ಬಗ್ಗೆ ಮನಬಿಚ್ಚಿ ಮಾತನಾಡಿದರು. ಸಂಜೆ ನನ್ನ ಬಾಗಿಲಲ್ಲಿ ನಿಂತು, ‘ಮೇಡಂ, ಅದೆಲ್ಲ ರೆಕಾರ್ಡ್ ಆಗಿದೆಯಂತೆ. ನನಗೆ ಒಂದು ಮಾತು ಹೇಳಬಾರದಿತ್ತೇ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನಿರ್ದೇಶಕರಿಗಾದರೆ ಹುದ್ದೆಯೊಂದಿಗೆ ಈ ನಿಯಮವೂ ಬಂದಿರುತ್ತದೆ, ವ್ಯವಸ್ಥಾಪಕರಿಗೆ ಅಂಥದ್ದೇನೂ ಇರಲಿಲ್ಲ. ಅಷ್ಟು ಭಾಗವನ್ನು ಕತ್ತರಿಸಿ ತೆಗೆಯಲೂ ಆಗದು, ಅದು ದಾಖಲೆಯನ್ನು ತಿದ್ದಿದಂತೆ.

ಈಗ ಆಹ್ವಾನ ಪತ್ರದಲ್ಲೇ ಮುದ್ರಣದ ವಿಷಯ ಬರೆದು, ಒಪ್ಪಿಗೆಯ ಉತ್ತರ ತರಿಸಿಕೊಳ್ಳುತ್ತೇನೆ. ಅವರು ಒಳಗೆ ಬಂದ ಕೂಡಲೇ ಅಧ್ಯಕ್ಷರು ಮತ್ತೊಮ್ಮೆ ಹೇಳುತ್ತಾರೆ. ಒಪ್ಪದವರು ಲಿಖಿತ ವರದಿ ಕೊಡಬಹುದು, ನಿರ್ದೇಶಕರೊಬ್ಬರು ಅದನ್ನು ಮಂಡಿಸುತ್ತಾರೆ. ಮುಂದಿನ ಸುರಕ್ಷತಾ ವಿಷಯಕ್ಕೆ ಕರೆದಾಗ ಆ ವ್ಯವಸ್ಥಾಪಕರು ಎರಡು ಪುಟದ ವರದಿ ಕಳುಹಿಸಿದರು. ಅದರ ಮುಂದಿನದಕ್ಕೆ ತಾವೇ ಬಂದರು.