ಅಮ್ಮನ ಹೊಸ ಟಿವಿಗೆ ಹಳೇ ವೈರು ಚುಚ್ಚಿದಾಗ

ಹಾಸನದಲ್ಲಿರುವ ಅಮ್ಮನ ಮನೆಗೆ 32 ಇಂಚಿನ ಎಲ್‌ಇಡಿ ಟಿವಿ ತಂದೆವು. ಡಿಟಿಎಚ್ ಬಾಕ್ಸ್ ಮೊದಲಿನದೇ, ಎಚ್‌ಡಿ ಬಾಕ್ಸ್. ಡಬ್ಬ ಟಿವಿಗೆ ಹಾಕಿದ್ದ ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ವೈರನ್ನೇ ಹೊಸದಕ್ಕೂ ಚುಚ್ಚಿದೆ. ಧ್ವನಿ ಸರಿಯಾಗಿ ಬಂತು. ಚಿತ್ರ ಮಾತ್ರ ಕಪ್ಪು ಬಿಳುಪು.

ಟಿವಿ ಹಿಂದೆ ಬಗ್ಗಿ ನೋಡಿದರೆ ಹಳದಿ ತೂತೇ ಇಲ್ಲ. ಹಸಿರು, ನೀಲಿ, ಕೆಂಪು ಒಂದು ಸಾಲು, ಪಕ್ಕದಲ್ಲಿ ಬಿಳಿ, ಕೆಂಪು. ಈ ಟಿವಿಯಲ್ಲಿ ಹಳದಿ ಪಿನ್ನು ಹಸಿರಿಗೇ ಹೋಗಬೇಕು, ಹಾಗೇ ಹಾಕಿದ್ದೆ. ಆದರೆ Source ಒತ್ತಿದಾಗ Component ಆಯ್ಕೆಯಾಗಿತ್ತು. ಹಳದಿ ವೈರು ಬೆಳಕು, ಬಣ್ಣ ಎರಡನ್ನೂ ಬೆರೆಸಿ ಕಳಿಸುತ್ತದೆ. Component ಆಯ್ಕೆಯಲ್ಲಿದ್ದ ಟಿವಿ ಹಸಿರು ತೂತಿನಿಂದ ಬರುವ ಬೆಳಕನ್ನಷ್ಟೇ ಓದುತ್ತದೆ, ಬಣ್ಣವನ್ನು ಬೇರೆ ವೈರುಗಳಲ್ಲಿ ಹುಡುಕುತ್ತದೆ. AV ಆರಿಸಿದ ತಕ್ಷಣ ಬಣ್ಣ ಬಂತು. ಕೆಂಪು ತೂತು ಎರಡಿವೆ, ಅಲ್ವಾ? ಧ್ವನಿಯ ಕೆಂಪು ಪಿನ್ನು ಹೋಗಬೇಕಾದ್ದು ಬಿಳಿಯ ಪಕ್ಕದ್ದಕ್ಕೆ.

ಬಣ್ಣ ಬಂದರೂ ಚಿತ್ರ ಮಬ್ಬು. "ಎಲ್ಲರೂ ಯಾಕೋ ಊದಿಕೊಂಡ ಹಾಗೆ ಕಾಣ್ತಾರಲ್ಲೋ" ಅಂದರು ಅಮ್ಮ. ಎವಿ ವೈರಿನಲ್ಲಿ ಹೆಚ್ಚೆಂದರೆ 576 ಗೆರೆಗಳ ಚಿತ್ರ ಹೋಗುತ್ತದೆ. ಎಚ್‌ಡಿ ಚಾನೆಲ್‌ಗೆ ತಿಂಗಳು ತಿಂಗಳು ಜಾಸ್ತಿ ದುಡ್ಡು ಕಟ್ಟಿದರೂ ಆ ವೈರಿನಲ್ಲಿ ಎಚ್‌ಡಿ ಬರುವುದಿಲ್ಲ.

ಅಂಗಡಿಯಿಂದ ಒಂದೂವರೆ ಮೀಟರಿನ ಸಾಧಾರಣ ಎಚ್‌ಡಿಎಂಐ ಕೇಬಲ್ ತಂದೆ. ಬಾಕ್ಸ್ ಕೊಡುವುದೇ 1080i, ಅಂದರೆ 1080 ಗೆರೆಗಳ ಚಿತ್ರ. ಇಷ್ಟು ಹತ್ತಿರಕ್ಕೆ ದುಬಾರಿ ಕೇಬಲ್ ಹಾಕಿದರೂ ಚಿತ್ರ ಬೇರೆ ಆಗುವುದಿಲ್ಲ. ಟಿವಿ, ಬಾಕ್ಸ್ ಎರಡನ್ನೂ ಬೋರ್ಡಿನಲ್ಲೇ ಆಫ್ ಮಾಡಿ, ಪಿನ್ನಿನ ಆಕಾರ ನೋಡಿಕೊಂಡು ಮೆಲ್ಲಗೆ ಕೂರಿಸಿದೆ. ARC ಅಂತ ಬರೆದ ತೂತನ್ನು ಮುಂದೆ ಸೌಂಡ್‌ಬಾರ್ ತಂದರೆ ಬೇಕು ಅಂತ ಬಿಟ್ಟು, HDMI 2ಕ್ಕೆ ಹಾಕಿದೆ. ಮೊದಲು No Signal ಅಂತ ಬಂತು, ಟಿವಿ ಇನ್ನೂ AVಯಲ್ಲೇ ಇತ್ತು. Source ಬದಲಿಸಿದೆ. ಧ್ವನಿಗೆ ಬೇರೆ ವೈರು ಬೇಡ, ಅದೂ ಇದರಲ್ಲೇ ಬರುತ್ತದೆ.

ಇಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಚಿತ್ರದ ಅಗಲ, ಎತ್ತರದ ಅನುಪಾತ ಇನ್ನೂ ಡಬ್ಬ ಟಿವಿಯ ಲೆಕ್ಕದಲ್ಲಿ 4:3 ಅಂತ ಇತ್ತು. ಅದನ್ನು 16:9 ಮಾಡಿ, ರೆಸಲ್ಯೂಷನ್ 1080i ಇಟ್ಟೆ. ಮುಖಗಳು ಸರಿಯಾದವು. ನ್ಯೂಸ್ ಚಾನೆಲ್ಲಿನ ಕೆಳಗೆ ಓಡುವ ಸಾಲು ಅರ್ಧ ಕತ್ತರಿಸಿತ್ತು. ಟಿವಿಯ ಪಿಕ್ಚರ್ ಸೈಜಿನಲ್ಲಿ Just Scan ಆರಿಸಿದ ಮೇಲೆ ಪೂರ್ತಿ ಕಾಣಿಸಿತು. ಎಸ್‌ಡಿ ಚಾನೆಲ್‌ಗಳು ಮಾತ್ರ ಈಗಲೂ ಸ್ವಲ್ಪ ಮಬ್ಬೇ. ಎಚ್‌ಡಿಎಂಐ ಇದ್ದದ್ದನ್ನು ಕೆಡಿಸದೆ ತಂದುಕೊಡುತ್ತದೆ, ಇಲ್ಲದ್ದನ್ನು ಸೇರಿಸುವುದಿಲ್ಲ.

ಎವಿ ವೈರನ್ನು ಎಸೆಯಲಿಲ್ಲ. ನಮ್ಮ ಬಾಕ್ಸಿನಲ್ಲಿ ಎವಿ, ಎಚ್‌ಡಿಎಂಐ ಎರಡೂ ಕಡೆ ಒಟ್ಟಿಗೇ ಚಿತ್ರ ಬರುತ್ತದೆ. ಉದ್ದದ ವೈರು ಹಾಕಿ ಡಬ್ಬ ಟಿವಿಯನ್ನು ಅಡುಗೆಮನೆಗೆ ಕೊಟ್ಟೆ. ಎರಡರಲ್ಲೂ ಒಂದೇ ಚಾನೆಲ್. 16:9 ಇಟ್ಟಿದ್ದರಿಂದ ಅದರಲ್ಲಿ ಮುಖ ತುಸು ಉದ್ದ ಕಾಣುತ್ತದೆ. ಒಗ್ಗರಣೆ ಹಾಕುತ್ತಾ ಧಾರಾವಾಹಿ ಕೇಳಿಸಿಕೊಳ್ಳಲು ಅಮ್ಮನಿಗೆ ಅಷ್ಟು ಸಾಕಾಗಿದೆ.